ಗುಜರಿಯವರೂ ಒಯ್ಯದ ರೆಕ್ಕೆಗಳು

ಚಿತ್ರದುರ್ಗದ ಗುಡ್ಡವೊಂದರ ಮೇಲೆ ಹಳೆಯ ಗಾಳಿ ಯಂತ್ರವೊಂದನ್ನು ಕಳಚುವ ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು. ಗೋಪುರದ ಉಕ್ಕಿಗೂ ಜನರೇಟರಿನ ತಾಮ್ರಕ್ಕೂ ಕೊಳ್ಳುವವರು ತಾವಾಗಿಯೇ ಬಂದರು. ಉಳಿದದ್ದು 22 ಮೀಟರ್ ಉದ್ದದ, ತಲಾ ಎರಡು ಟನ್ ತೂಗುವ ಮೂರು ರೆಕ್ಕೆಗಳು. ದಾವಣಗೆರೆಯಿಂದ ಬಂದ ಗುಜರಿ ವ್ಯಾಪಾರಿ ಅವನ್ನು ತಟ್ಟಿ ನೋಡಿ, "ಸರ್, ಇದನ್ನು ಒಯ್ಯಬೇಕಾದರೆ ನೀವೇ ನನಗೆ ದುಡ್ಡು ಕೊಡಬೇಕಾಗುತ್ತದೆ" ಎಂದರು.

ನನಗದು ಸರಿ ಕಾಣಲಿಲ್ಲ. ರೆಕ್ಕೆಯ ಚಿಪ್ಪೆಂದರೆ ಗಾಜಿನ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿ ಮಾಡಿದ್ದು. ರೆಸಿನ್ ಸುಟ್ಟುಹೋದರೆ ನಾರು ಮರಳಿ ಸಿಗಬೇಕಲ್ಲವೇ? ಅಂಗೈಯಗಲದ ಒಂದು ತುಂಡನ್ನು ಪರಿಚಯದ ವರ್ಕ್‌ಶಾಪಿನ ಕುಲುಮೆಯಲ್ಲಿ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿಸಿದೆ. 100 ಗ್ರಾಂ ಹೋಗಿ 68 ಗ್ರಾಂ ಬಿಳಿ ಬಟ್ಟೆ ಬಂತು. ಗೆದ್ದೆ ಅಂದುಕೊಂಡು ಒಂದು ಎಳೆಯನ್ನು ಬೆರಳಿಗೆ ಸುತ್ತಲು ಹೋದೆ. ಒಣಹುಲ್ಲಿನ ಹಾಗೆ ಮುರಿಯಿತು.

ಹೊಸ ನಾರಿನ ಮೇಲೆ ರೆಸಿನ್ ಹಿಡಿಯಲೆಂದೂ ಗೀರು ಬೀಳದಿರಲೆಂದೂ ತೆಳುವಾದ ಲೇಪವಿರುತ್ತದೆ. ಶಾಖಕ್ಕೆ ಮೊದಲು ಹೋಗುವುದು ಅದೇ. ಗಾಜೂ ಆ ಬಿಸಿಯಲ್ಲಿ ದುರ್ಬಲವಾಗಿ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಳ್ಳುತ್ತದೆ. ಹೊಸ ಗಾಜಿನ ನಾರು ಅಗ್ಗವಾಗಿ ಸಿಗುವಾಗ ಈ ಬಲಹೀನ ನಾರನ್ನು ಯಾರು ಕೊಳ್ಳುತ್ತಾರೆ? ಸುಡದೆ ಕರಗಿಸೋಣವೆಂದರೆ ಅದೂ ಆಗದು. ಬೆಲ್ಲವನ್ನು ಎಷ್ಟು ಸಲವಾದರೂ ಪಾಕ ಮಾಡಬಹುದು. ಸುಟ್ಟ ಮಡಕೆಯನ್ನು ಮತ್ತೆ ಹಸಿಮಣ್ಣು ಮಾಡಲಾಗದು. ರೆಸಿನ್ ಮಡಕೆಯ ಜಾತಿಯದು. ಗಟ್ಟಿಯಾಗುವಾಗ ಅದರ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಕಾಯಿಸಿದರೆ ಕರಿಯಾಗುತ್ತದೆಯೇ ಹೊರತು ಕರಗುವುದಿಲ್ಲ.

ಉಳಿದ ದಾರಿ ಸಿಮೆಂಟ್ ಗೂಡು. ಅಲ್ಲಿ ರೆಸಿನ್ ಕಲ್ಲಿದ್ದಲಿನ ಬದಲಿಗೆ ಉರಿಯುತ್ತದೆ, ಗಾಜಿನಲ್ಲಿರುವ ಸಿಲಿಕಾ ಮತ್ತು ಸುಣ್ಣದ ಅಂಶ ಸಿಮೆಂಟಾಗಿ ಅರೆಯುವ ಗಟ್ಟಿ ಉಂಡೆಗಳಾದ ಕ್ಲಿಂಕರಿಗೆ ಸೇರುತ್ತವೆ. ನಾರು ನಾರಾಗಿ ಉಳಿಯುವುದಿಲ್ಲ, ಆದರೆ ಬೂದಿಯೂ ಮಿಗುವುದಿಲ್ಲ. ಗೂಡಿಗೆ ಬೇಕಾದದ್ದು ಲೋಹವಿಲ್ಲದ, ಒಂದೇ ಅಳತೆಯ ಸಣ್ಣ ಚೂರುಗಳು. ನಾವು ಎಡವಿದ್ದು ಇಲ್ಲಿಯೇ. ಮೊದಲ ದಿನ ನೀರು ಹಾಯಿಸದೆ ಗ್ರೈಂಡರಿನಿಂದ ಕೊಯ್ಯಲು ನಾನೇ ಹೇಳಿದೆ. ಸಂಜೆಗೆ ಹುಡುಗರ ಕತ್ತು, ಮೊಣಕೈಗಳೆಲ್ಲ ಗಾಜಿನ ಧೂಳಿನಿಂದ ಕೆಂಪಗೆ ತುರಿಸುತ್ತಿದ್ದವು. ಮರುದಿನದಿಂದ ವಜ್ರದ ಹಲ್ಲಿನ ಗರಗಸ, ಮೇಲೆ ನೀರು, ಕೆಸರು ಹಿಡಿಯಲು ಟಾರ್ಪಾಲಿನ್ ಹಾಸಿದ ಗುಂಡಿ, ಎಲ್ಲರಿಗೂ ಮಾಸ್ಕ್. ಕೊಯ್ಯುವ ಮೊದಲೇ ರೆಕ್ಕೆಯೊಳಗಿನ, ಸಿಡಿಲನ್ನು ನೆಲಕ್ಕಿಳಿಸುವ ಲೋಹದ ತಂತಿಯನ್ನು ಎಳೆದು ತೆಗೆದೆವು.

ಲಾರಿಗೆ ಹೇರುವಾಗ ಇನ್ನೊಂದು ಲೆಕ್ಕ ತಪ್ಪಿತು. ಆರು ಟನ್ ಒಂದೇ ಲಾರಿಗೆ ಸಾಕೆಂದು ನಾನು ಬರೆದುಕೊಂಡಿದ್ದೆ. ಆದರೆ ರೆಕ್ಕೆ ಒಳಗೆ ಪೊಳ್ಳು. ಒಂದೊಂದು ಮೀಟರಿನ ತುಂಡುಗಳು ಎರಡು ಟನ್ ಆಗುವ ಮೊದಲೇ ಲಾರಿ ತುಂಬಿತು. ಬಾಡಿಗೆ ಕೊಟ್ಟು ಗಾಳಿಯನ್ನು ಸಾಗಿಸುವ ಬದಲು ಚೂರು ಮಾಡುವ ಯಂತ್ರವನ್ನೇ ಗುಡ್ಡದ ಬುಡಕ್ಕೆ ತರಿಸಿದೆವು.

ರೆಕ್ಕೆಯ ಬುಡವನ್ನು ಆ ಯಂತ್ರವೂ ಅರೆಯಲಿಲ್ಲ. ಅಲ್ಲಿ ಗೋಡೆ ಅಂಗೈಯಷ್ಟು ದಪ್ಪ, ಸುತ್ತಲೂ ಬೋಲ್ಟು ಹಿಡಿಯುವ ಉಕ್ಕಿನ ತುಂಡುಗಳು ರೆಸಿನ್ನಿನಲ್ಲಿ ಹುದುಗಿರುತ್ತವೆ. ಆ ಮೂರು ಬಳೆಗಳು ಇನ್ನೂ ನಮ್ಮ ಅಂಗಳದಲ್ಲಿವೆ.