ಸ್ಪೀಕರ್ ಫೋನಿನ ಎಕೋ: ದೋಷ ಯಾರ ಕಡೆಯದು?

"ಸಾರ್, ಊರಿಗೆ ಫೋನ್ ಮಾಡಿದ್ರೆ ನಾನಾಡಿದ್ ಮಾತು ನಂಗೇ ವಾಪಸ್ ಕೇಳ್ಸುತ್ತೆ. ನನ್ ಫೋನ್ ಕೆಟ್ಟೋಗಿದ್ಯಾ?"

ಸಾಮಾನ್ಯವಾಗಿ ಇಲ್ಲ. ನಿಮ್ಮ ದನಿ ನಿಮಗೇ ಕೇಳಿಸುತ್ತಿದ್ದರೆ ಅದು ವಾಪಸ್ ಬರುತ್ತಿರುವುದು ಆಚೆ ಕಡೆಯವರ ಫೋನಿನಿಂದ. ಇಲ್ಲಿ ಮೈಸೂರಿನಲ್ಲಿ ಕೂತು ನಿಮ್ಮ ಫೋನನ್ನು ಎಷ್ಟು ಬಿಚ್ಚಿದರೂ, ಹೊಸ ಇಯರ್‌ಫೋನ್ ಕೊಂಡರೂ ಅದು ಹೋಗುವುದಿಲ್ಲ. ನಮ್ಮ ಸರ್ವಿಸ್ ಅಂಗಡಿಗೆ ಈ ದೂರು ಹೊತ್ತು ಬರುವವರ ಫೋನನ್ನು ನಾನು ಮುಟ್ಟುವುದೇ ಅಪರೂಪ. "ಯಾರಿಗೆ ಮಾಡಿದಾಗ ಹೀಗಾಗುತ್ತೋ ಅವರಿಗೇ ಈಗ ಕಾಲ್ ಮಾಡಿ" ಅಂತೀನಿ, ಅಷ್ಟೆ.

ಆಗುವುದು ಇಷ್ಟು. ನಿಮ್ಮ ಮಾತು ಅವರ ಫೋನಿನ ಸ್ಪೀಕರಿನಿಂದ ಹೊರಗೆ ಬರುತ್ತದೆ. ಅದೇ ಫೋನಿನ ಮೈಕು ಅದನ್ನು ಕೇಳಿಸಿಕೊಂಡು, ಅವರ ಮಾತಿನ ಜೊತೆಗೆ ಸೇರಿಸಿ ನಿಮಗೇ ಕಳಿಸುತ್ತದೆ. ಹೋಗಿ ಬರುವುದಕ್ಕೆ ಮೊಬೈಲ್ ಜಾಲದಲ್ಲಿ ಸುಮಾರು ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡು ಹಿಡಿಯುತ್ತದೆ. ಕಾಟ ಕೊಡುವುದು ಈ ತಡವೇ. ಹಳೆಯ ಲ್ಯಾಂಡ್‌ಲೈನ್ ರಿಸೀವರಿನಲ್ಲೂ ನಮ್ಮ ದನಿ ಸ್ವಲ್ಪ ನಮ್ಮ ಕಿವಿಗೆ ಬರುತ್ತಿತ್ತು, ಬೇಕೆಂದೇ ಹಾಗೆ ಮಾಡಿದ್ದರು. ತಡವಿಲ್ಲದೆ ಬರುತ್ತಿದ್ದರಿಂದ ಯಾರ ಗಮನಕ್ಕೂ ಬರಲಿಲ್ಲ. ಅದೇ ದನಿ ಅರ್ಧ ಸೆಕೆಂಡ್ ಬಿಟ್ಟು ಬಂದರೆ ಮಾತಾಡುವವರಿಗೆ ನಾಲಿಗೆ ತೊಡರುತ್ತದೆ. ಇನ್ನೊಂದು ತಮಾಷೆ ಏನೆಂದರೆ, ಎಕೋ ಮಾಡುವ ಫೋನಿನವರಿಗೆ ಏನೂ ಕೇಳಿಸುವುದಿಲ್ಲ. ಅವರ ಪಾಲಿಗೆ ಎಲ್ಲವೂ ಸ್ವಚ್ಛ. ಹಾಗಾಗಿ "ನಿಂದೇ ಏನೋ ಪ್ರಾಬ್ಲಂ" ಅಂತ ಅವರು ಧೈರ್ಯವಾಗಿ ಹೇಳುತ್ತಾರೆ.

ಹಾಗಾದರೆ ಸ್ಪೀಕರ್ ಹಾಕಿದ ಪ್ರತಿಯೊಂದು ಕರೆಯಲ್ಲೂ ಎಕೋ ಬರಬೇಕಲ್ಲ? ಬರಬೇಕು. ಬರದಿರುವುದಕ್ಕೆ ಕಾರಣ ಫೋನಿನೊಳಗಿರುವ ಎಕೋ ಕ್ಯಾನ್ಸಲರ್. ಇದರ ಕಥೆ ಹಳೆಯದು. 1965ರಲ್ಲಿ ಅರ್ಲಿ ಬರ್ಡ್ ಉಪಗ್ರಹದ ಮೂಲಕ ಅಟ್ಲಾಂಟಿಕ್ ದಾಟಿ ಫೋನ್ ಕರೆಗಳು ಹೋಗತೊಡಗಿದಾಗ, ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಇಳಿಯುವ ದನಿ ವಾಪಸ್ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತಿತ್ತು. ಆ ಕಾಲದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ತಾನೇ ಕಲಿತುಕೊಂಡು ಎಕೋ ಕಳೆಯುವ ವಿಧಾನವನ್ನು ರೂಪಿಸಿದವರಲ್ಲಿ ಮನ್ ಮೋಹನ್ ಸೋಂಧಿ ಒಬ್ಬರು. ಅದರ ವಿವರವನ್ನು 1967ರಲ್ಲಿ ಪ್ರಕಟಿಸಿದರು. ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು ಅನ್ನುವುದು ನನಗೆ ಹೇಳಿಕೊಳ್ಳಲು ಖುಷಿ ಕೊಡುವ ವಿಷಯ. ಇವತ್ತಿನ ಫೋನುಗಳಲ್ಲಿರುವುದು ಅದೇ ವಿಚಾರದ ಮರಿಮಕ್ಕಳು.

ಕೆಲಸ ಮಾಡುವ ರೀತಿ ಅಂಗಡಿಯಲ್ಲಿ ಪಾತ್ರೆಯ ತೂಕ ಕಳೆದು ತುಪ್ಪ ತೂಗುವ ಹಾಗೆ. ಸ್ಪೀಕರಿಗೆ ಯಾವ ಸದ್ದು ಕಳಿಸಿದೆ ಅನ್ನುವುದು ಫೋನಿಗೆ ಗೊತ್ತು. ಅದು ಸ್ಪೀಕರಿನಿಂದ ಹೊರಟು, ಮೇಜಿಗೆ ಗೋಡೆಗೆ ಬಡಿದು, ಮೈಕಿಗೆ ಯಾವ ರೂಪದಲ್ಲಿ ಬರುತ್ತೆ ಅನ್ನುವುದನ್ನು ಕರೆ ಶುರುವಾದ ಮೇಲೆ ಕಲಿತುಕೊಳ್ಳುತ್ತದೆ. ಆಮೇಲೆ ಮೈಕಿಗೆ ಬಂದದ್ದರಲ್ಲಿ ಅಷ್ಟನ್ನು ಕಳೆದು, ಉಳಿದದ್ದನ್ನು ನಿಮಗೆ ಕಳಿಸುತ್ತದೆ. ಕೆಲವು ಕರೆಗಳಲ್ಲಿ ಮೊದಲ "ಹಲೋ" ಮಾತ್ರ ವಾಪಸ್ ಕೇಳಿಸಿ ಆಮೇಲೆ ನಿಂತುಹೋಗುವುದು ಇದಕ್ಕೇ. ಆ ಹೊತ್ತಿಗೆ ಫೋನು ಇನ್ನೂ ಕಲಿತಿರುವುದಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ? ಎಲ್ಲಕ್ಕಿಂತ ಹೆಚ್ಚಾಗಿ ಪೂರ್ತಿ ವಾಲ್ಯೂಮಿನಲ್ಲಿ. ಫೋನಿನ ಪುಟಾಣಿ ಸ್ಪೀಕರನ್ನು ಕೊನೆಯ ಗೀಟಿನವರೆಗೆ ಏರಿಸಿದರೆ ಅದು ಗರಗರ ಅನ್ನುತ್ತದೆ, ಜೊತೆಗೆ ಬಾಡಿ, ಕವರು ಎಲ್ಲವೂ ಅದುರುತ್ತವೆ. ಕೈಯಲ್ಲಿ ಹಿಡಿದರೆ ಬೆರಳಿಗೇ ಗೊತ್ತಾಗುತ್ತದೆ. ಆಗ ಹೊರಗೆ ಬರುವ ಸದ್ದು ಫೋನು ಕಳಿಸಿದ ಸದ್ದೇ ಅಲ್ಲ, ಅದರ ಕೆಟ್ಟ ರೂಪ. ಗೊತ್ತಿದ್ದ ತೂಕವನ್ನು ಕಳೆದರೂ ಗರಗರದ ಪಾಲು ಉಳಿದು ನಿಮಗೆ ಬರುತ್ತದೆ. ಎಕೋ ಒಡಕು ದನಿಯಲ್ಲಿ, ರೇಡಿಯೋ ಸರಿಯಾಗಿ ಟ್ಯೂನ್ ಆಗದ ಹಾಗೆ ಕೇಳಿಸುತ್ತಿದ್ದರೆ ವಾಲ್ಯೂಮಿನ ಮೇಲೇ ಮೊದಲ ಅನುಮಾನ ಇಡಿ.

ಮಂಡ್ಯದ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಮಗಳು ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ತಂದೆಗೆ ಸ್ವಲ್ಪ ಕಿವಿ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್, ಯಾವಾಗಲೂ ಪೂರ್ತಿ ವಾಲ್ಯೂಮು. ಮಗಳಿಗೆ ತನ್ನ ಮಾತೇ ಎರಡೆರಡು ಸಲ. ಅಂಗಡಿಯಿಂದಲೇ ಕಾಲ್ ಮಾಡಿಸಿದೆ.

"ಅಪ್ಪಾ, ಫೋನ್ ಎಲ್ ಮಡ್ಗಿದೀಯ?"

"ಟೀಪಾಯ್ ಮ್ಯಾಲೆ ಮಡಗಿವ್ನಿ ಕಣವ್ವ. ನಾನು ಸೋಫಾದಲ್ ಕುಂತಿವ್ನಿ."

ಮೊದಲು ತಂದೆಯ ಫೋನಿನಲ್ಲಿ ಮ್ಯೂಟ್ ಒತ್ತಿಸಿದೆ, ಗೀಟು ಹೊಡೆದ ಮೈಕಿನ ಚಿತ್ರ ಇರುತ್ತಲ್ಲ, ಅದು. ಮಗಳು ಒಂದು, ಎರಡು, ಮೂರು ಎಣಿಸಿದಳು. ಏನೂ ವಾಪಸ್ ಬರಲಿಲ್ಲ. ಮ್ಯೂಟ್ ತೆಗೆದ ಕೂಡಲೇ ಮತ್ತೆ ಬಂತು. ದನಿ ಬರುತ್ತಿರುವುದು ಅವರ ಮೈಕಿನಿಂದಲೇ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮ್ಯೂಟ್ ಮಾಡಿದರೂ ಎಕೋ ಬಂದಿದ್ದರೆ ಅದು ಲೈನಿನ ತೊಂದರೆ, ಕರೆ ಕಟ್ ಮಾಡಿ ಮತ್ತೆ ಮಾಡಿ ನೋಡಬೇಕಿತ್ತು.

ಈಗ ಆ ಹಾಲನ್ನು ಕಣ್ಣಮುಂದೆ ತಂದುಕೊಳ್ಳಿ. ಹೊಸ ಮನೆ, ಗ್ರಾನೈಟ್ ನೆಲ, ಬೋಳು ಗೋಡೆ, ಪರದೆ ಇನ್ನೂ ಹಾಕಿಲ್ಲ. ಗಾಜಿನ ಟೀಪಾಯ್ ಮೇಲೆ ಫೋನು ಅಂಗಾತ ಮಲಗಿದೆ. ಸ್ಪೀಕರಿನಿಂದ ಕೆಳಗಿನ ಮೈಕಿಗೆ ಕೆಲವೇ ಸೆಂಟಿಮೀಟರ್ ದೂರ. ತಂದೆಯ ಬಾಯಿಂದ ಅದೇ ಮೈಕಿಗೆ ಮೂರು ಅಡಿ. ಯಾರ ದನಿ ಮೈಕಿಗೆ ಜೋರಾಗಿ ಕೇಳಿಸುತ್ತೆ? ಮಗಳದೇ. ಗಾಜು ಅದನ್ನು ಇನ್ನಷ್ಟು ಮೈಕಿನ ಕಡೆಗೆ ತಳ್ಳುತ್ತದೆ, ಬೋಳು ಹಾಲು ಅದನ್ನು ಎಳೆದು ಉದ್ದ ಮಾಡುತ್ತದೆ. ಫೋನು ಇಂತಿಷ್ಟು ಹೊತ್ತಿನೊಳಗೆ ಬರುವ ಪ್ರತಿಧ್ವನಿಯನ್ನಷ್ಟೇ ಕಳೆಯಬಲ್ಲದು. ಆಮೇಲೆ ಬರುವ ಬಾಲ ಹಾಗೇ ಉಳಿಯುತ್ತದೆ.

"ವಾಲ್ಯೂಮ್ ಕಮ್ಮಿ ಮಾಡಿ" ಅನ್ನುವುದು ಸುಲಭ. ಆದರೆ ಕಮ್ಮಿ ಮಾಡಿದರೆ ತಂದೆಗೆ ಕೇಳಿಸುವುದಿಲ್ಲ, ಮತ್ತೆ ಏರಿಸುತ್ತಾರೆ. ಎಲ್ಲರೂ ಸೋಲುವುದು ಇಲ್ಲೇ. ದಾರಿ ಇರುವುದು ದೂರದಲ್ಲಿ. ಮೂರು ಅಡಿಯಲ್ಲಿರುವ ಫೋನನ್ನು ಒಂದು ಅಡಿಗೆ ತಂದರೆ ಅದರ ನೇರ ಸದ್ದಿನ ಒತ್ತಡ ಕಿವಿಗೆ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಹಾಗಾಗಿ ವಾಲ್ಯೂಮ್ ಇಳಿಸಿದರೂ ಕೇಳಿಸುವುದರಲ್ಲಿ ನಷ್ಟವಿಲ್ಲ. ಅದೇ ಹೊತ್ತಿಗೆ ತಂದೆಯ ದನಿಯೂ ಮೈಕಿಗೆ ಮೂರು ಪಟ್ಟು ಜೋರಾಗಿ ತಲುಪುತ್ತದೆ. ಒಂದೇ ಕೆಲಸಕ್ಕೆ ಎರಡು ಕಡೆ ಲಾಭ.

ಹಾಗೇ ಮಾಡಿಸಿದೆವು. ಫೋನನ್ನು ಕೈಗೆ ತೆಗೆದುಕೊಂಡು, ಕೆಳತುದಿ ಬಾಯಿಯ ಕಡೆ ಇರುವಂತೆ ಎದೆಯ ಮುಂದೆ ಹಿಡಿಯಲು ಹೇಳಿ, ವಾಲ್ಯೂಮನ್ನು ಮಧ್ಯಕ್ಕೆ ಇಳಿಸಿಸಿದೆವು. ಫೋನು ಎತ್ತಿಕೊಂಡಾಗ ಒಂದು ಕ್ಷಣ ಎಕೋ ಜಾಸ್ತಿಯೇ ಆಯಿತು, ಜಾಗ ಬದಲಾದರೆ ಅದು ಮತ್ತೆ ಮೊದಲಿಂದ ಕಲಿಯಬೇಕು. ಆಮೇಲೆ ಸಣ್ಣ ಬಾಲವೊಂದನ್ನು ಬಿಟ್ಟು ಉಳಿದದ್ದೆಲ್ಲ ಹೋಯಿತು. ಆ ಬಾಲಕ್ಕೆ ಕಾರಣ ಕವರು. ದಪ್ಪ ಸಿಲಿಕಾನ್ ಕವರಿನ ತೂತುಗಳು ಫೋನಿನ ತೂತುಗಳಿಗೆ ಸರಿಯಾಗಿ ಕೂರದಿದ್ದರೆ, ಸ್ಪೀಕರಿನ ಸದ್ದು ಹೊರಗೆ ಹೋಗದೆ ಕವರಿನ ಸಂದಿಯಲ್ಲೇ ಹರಿದು ಮೈಕಿಗೆ ಸೇರುತ್ತದೆ. ಕವರು ತೆಗೆಸಿದ ಮೇಲೆ ಮಗಳಿಗೆ ತನ್ನ ದನಿ ಕೇಳಿಸುವುದು ನಿಂತಿತು.

"ಈಗ ಕೇಳ್ತಾ ಇಲ್ವೇನವ್ವ?"

"ನೀನು ಕೇಳ್ತಾ ಇದೀಯ, ನಾನ್ ಕೇಳ್ತಾ ಇಲ್ಲ!"

ಕೈಯಲ್ಲಿ ಹಿಡಿದುಕೊಂಡು ಅಡುಗೆ ಮಾಡಲಾಗುವುದಿಲ್ಲ, ಮೇಜಿನ ಮೇಲೆ ಇಡಲೇಬೇಕು ಅನ್ನುವವರು ಮಡಿಸಿದ ಟವೆಲ್ ಮೇಲಿಡಿ. ಗಾಜು, ಗ್ರಾನೈಟುಗಳಿಗಿಂತ ಟವೆಲ್ ಎಷ್ಟೋ ವಾಸಿ. ಇಬ್ಬರೂ ಒಟ್ಟಿಗೆ ಮಾತಾಡುವುದನ್ನೂ ಬಿಡಿ. ಎರಡು ದನಿ ಬೆರೆತಾಗ ಯಾವುದನ್ನು ಕಳೆಯಬೇಕು ಅನ್ನುವುದು ಫೋನಿಗೆ ಗೊಂದಲವಾಗಿ, ಎಕೋ ಬಿಡುತ್ತದೆ ಅಥವಾ ಆ ಕಡೆಯವರ ಮಾತನ್ನೇ ಕತ್ತರಿಸುತ್ತದೆ. "ಮಾತು ತುಂಡು ತುಂಡಾಗಿ ಬರುತ್ತೆ" ಅನ್ನುವ ದೂರಿನಲ್ಲಿ ಅರ್ಧ ಭಾಗ ನೆಟ್‌ವರ್ಕಿನದಲ್ಲ, ಇದರದು ಅಂತ ನನ್ನ ಅನಿಸಿಕೆ. ತಂತಿಯ ಇಯರ್‌ಫೋನ್ ಹಾಕಿಕೊಂಡರೆ ಈ ಇಡೀ ರಗಳೆಯೇ ಇರುವುದಿಲ್ಲ, ನಿಜ. ಆದರೆ ಅದು ಬೇಕಾದದ್ದು ನಿಮಗಲ್ಲ, ಊರಿನಲ್ಲಿರುವವರಿಗೆ.

ಸಂಗೀತ ಮೇಷ್ಟ್ರುಗಳಿಗೆ ಒಂದು ಮಾತು. ಮೈಸೂರಿನಲ್ಲಿ ಕೂತು ಹೊರದೇಶದ ಮಕ್ಕಳಿಗೆ ಝೂಮ್‌ನಲ್ಲಿ ಪಾಠ ಹೇಳುವವರು, ವೀಣೆಯ ನಾದ ಕೆಡದಿರಲಿ ಅಂತ `Original sound for musicians` ಹಾಕಿಕೊಂಡಿರುತ್ತಾರೆ. ಅದು ಸರಿಯೇ. ಆದರೆ ಅದರ ಜೊತೆಗೆ ಬರುವ `Echo cancellation` ಆಫ್ ಆಗಿದ್ದು, ಲ್ಯಾಪ್‌ಟಾಪ್ ಸ್ಪೀಕರಿನಲ್ಲೇ ಕೇಳುತ್ತಿದ್ದರೆ ಶಿಷ್ಯರ ಹಾಡು ಶಿಷ್ಯರಿಗೇ ವಾಪಸ್ಸಾಗುತ್ತದೆ. ಮೇಷ್ಟ್ರು ಇಯರ್‌ಫೋನ್ ಹಾಕಿಕೊಳ್ಳಬೇಕು, ಇಲ್ಲವೇ ಅದನ್ನು ಆನ್ ಮಾಡಬೇಕು.

ಇಷ್ಟೆಲ್ಲ ಮಾಡಿದರೂ ಎಕೋ ಹೋಗಲಿಲ್ಲ, ಕರೆ ಮಾಡುವ ಎಲ್ಲರೂ ಅದನ್ನೇ ಹೇಳುತ್ತಾರೆ ಅಂದರೆ ಆಗ ಆ ಫೋನನ್ನು ಬಿಚ್ಚಬೇಕಾಗಬಹುದು. ಅದರಲ್ಲೂ ಡಿಸ್‌ಪ್ಲೇ ಬದಲಾಯಿಸಿದ ಮೇಲೆ ಶುರುವಾಗಿದ್ದರೆ. ಸ್ಪೀಕರಿನ ಸುತ್ತ, ಮೈಕಿನ ಸುತ್ತ ಸಣ್ಣ ರಬ್ಬರ್ ತುಂಡುಗಳಿರುತ್ತವೆ. ಸದ್ದು ಒಳಗೊಳಗೇ ಸೋರದಂತೆ ತಡೆಯುವುದು ಅವು. ರಿಪೇರಿಯ ಅವಸರದಲ್ಲಿ ಅವು ಮೇಜಿನ ಮೇಲೇ ಉಳಿದುಬಿಡುತ್ತವೆ. ಪರೀಕ್ಷೆ ಸುಲಭ. ಸ್ಪೀಕರ್ ಹಾಕಿ ಕಾಲ್ ನಡೆಯುತ್ತಿರುವಾಗ ಆ ಫೋನಿನ ಮೈಕ್ ತೂತನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಸಿ. ಕೆಳಗೊಂದು, ಮೇಲೊಂದು ತೂತಿರುವ ಫೋನಾದರೆ ಎರಡನ್ನೂ. ಅವರ ದನಿ ತಗ್ಗಿ, ನಿಮ್ಮ ಎಕೋ ಮಾತ್ರ ಹಾಗೇ ಇದ್ದರೆ ಸದ್ದು ಬರುತ್ತಿರುವುದು ಒಳಗಿನಿಂದ. ಸಿಮ್ ತೆಗೆಯುವ ಪಿನ್ನನ್ನು ಆ ತೂತಿಗೆ ಹಾಕಿ ಕ್ಲೀನ್ ಮಾಡಲು ಮಾತ್ರ ಹೋಗಬೇಡಿ, ಜಾಲರಿ ಹರಿದು ಮೈಕೇ ಹೋಗುತ್ತದೆ. ರಿಪೇರಿ ಮಾಡಿದವರ ಹತ್ತಿರವೇ ಫೋನು ತೆಗೆದುಕೊಂಡು ಹೋಗಿ, "ಮೈಕಿನ ರಬ್ಬರ್ ಕೂತಿದೆಯಾ ನೋಡಿ" ಅಂತ ಕೇಳಿ. ಹೊಸ ಬೋರ್ಡು ಹಾಕಬೇಕು ಅಂದರೆ ಒಪ್ಪಬೇಡಿ.