ಆಯಿಯ ಪಾಸ್‌ಬುಕ್ಕಿನ ಲೆಕ್ಕ

2025 ಜುಲೈ 3, ಗುರುವಾರ, ಕುಮಟಾ

ಬೆಳಿಗ್ಗೆಯಿಂದ ಮಳೆ ಬಿಟ್ಟೇ ಇಲ್ಲ. ಅಂಚೆ ಕಚೇರಿಯಲ್ಲಿ ಎಂಟ್ರಿ ಹಾಕಿಸಿಕೊಂಡು ಬಂದ ಮೇಲೆ ಆಯಿ ಎರಡೂ ಪಾಸ್‌ಬುಕ್ ನನ್ನ ಮುಂದಿಟ್ಟು, "ತಮಾ, ಪಕ್ಕದ್ಮನೆಯವ್ಕೆ ತಿಂಗ್ಳಾ ತಿಂಗ್ಳಾ ಬಡ್ಡಿ ಬತ್ತಡ, ನಂಗೆ ಎಂತಕ್ಕೆ ಬತ್ತಿಲ್ಲೆ?" ಅಂದಳು.

ಪಕ್ಕದ ಮನೆಯವರದ್ದು ಮಾಸಿಕ ಆದಾಯ ಯೋಜನೆ. ಆಯಿಯದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. ಇದರಲ್ಲಿ ತಿಂಗಳ ಬಡ್ಡಿ ಅನ್ನೋದೇ ಇಲ್ಲ, ಮೂರು ತಿಂಗಳಿಗೊಮ್ಮೆ ಬರುತ್ತದೆ, ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಶುರುವಿನಲ್ಲಿ. ಅದೂ ಜಮಾ ಆಗೋದು ಜೋಡಿಸಿದ ಉಳಿತಾಯ ಖಾತೆಗೆ, ಹಾಗಾಗಿ ಠೇವಣಿಯ ಪಾಸ್‌ಬುಕ್ ಒಂದನ್ನೇ ನೋಡಿದರೆ ಬಡ್ಡಿ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ.

ಲೆಕ್ಕ ಸುಲಭ. ಆಯಿ 10 ಲಕ್ಷ ಇಟ್ಟಿದ್ದು 2024ರ ನವೆಂಬರ್ 11ಕ್ಕೆ, ಆಗಿನ ದರ 8.2. ಖಾತೆ ತೆರೆದ ದಿನದ ದರವೇ ಐದು ವರ್ಷಕ್ಕೂ ಇರುತ್ತದೆ, ನಡುವೆ ಸರ್ಕಾರ ದರ ಬದಲಿಸಿದರೂ ಇದಕ್ಕೆ ತಾಗುವುದಿಲ್ಲ. ವರ್ಷಕ್ಕೆ 82,000, ನಾಲ್ಕರಿಂದ ಭಾಗಿಸಿದರೆ 20,500. ಜುಲೈ 1ರ ಎಂಟ್ರಿಯಲ್ಲಿ ಅಷ್ಟೇ ಇತ್ತು, ಏಪ್ರಿಲ್‌ನಲ್ಲೂ ಅಷ್ಟೇ. ಜನವರಿಯದ್ದು ಮಾತ್ರ ಹನ್ನೊಂದೂವರೆ ಸಾವಿರದ ಆಸುಪಾಸು. ಆಯಿಗೆ ಅದೇ ದೊಡ್ಡ ಅನುಮಾನ, ಯಾರೋ ಕಡಿಮೆ ಹಾಕಿದ್ದಾರೆ ಅಂತ. ಆದರೆ ನವೆಂಬರ್ 11ರಿಂದ ಡಿಸೆಂಬರ್ ಕೊನೆಗೆ ಸಿಗೋದೇ 51 ದಿನ, ಬಡ್ಡಿಯೂ ಅಷ್ಟು ದಿನದ್ದೇ. ತಪ್ಪೇನಿಲ್ಲ. ಮೊದಲ ಕಂತು ಕಡಿಮೆ ಇದ್ದರೆ ಮೊದಲು ಖಾತೆ ತೆರೆದ ತಾರೀಖು ನೋಡಬೇಕು. ನಡುವಿನ ಕಂತು ಕಡಿಮೆ ಇದ್ದರೆ ಆಗ ಕೌಂಟರಿನಲ್ಲಿ ಕೇಳಬೇಕು.

ತಿಂಗಳ ಖರ್ಚಿಗೆ ಲೆಕ್ಕ ಹಾಕುವುದಾದರೆ 6,833 ರೂಪಾಯಿ ಅಂತ ಇಟ್ಟುಕೊಳ್ಳಬಹುದು, ಆದರೆ ಅದು ಕೈಗೆ ಬರೋದು ಮೂರು ತಿಂಗಳದ್ದು ಒಟ್ಟಿಗೆ. ಔಷಧಿ, ಕರೆಂಟ್ ಬಿಲ್ಲಿಗೆ ಅಂತ ಆಯಿ ಹಾಗೇ ಭಾಗ ಮಾಡಿಕೊಳ್ಳಬೇಕು.

ಅವಧಿ ಮುಗಿದಾಗ ಎಷ್ಟು ಬರುತ್ತದೆ ಅನ್ನೋದರಲ್ಲೇ ಗೊಂದಲ ಜಾಸ್ತಿ. ತಂಗಿಯ ಮಗ ಮೊಬೈಲ್‌ನಲ್ಲಿ ಲೆಕ್ಕ ಹಾಕಿ 14,10,000 ಅಂತ ತೋರಿಸಿದ್ದನಂತೆ, ಆಯಿ ಅಷ್ಟೂ ದುಡ್ಡು ಒಂದೇ ಸಲ ಬರುತ್ತದೆ ಅಂದುಕೊಂಡಿದ್ದಳು. ಆ ಮೊತ್ತ ಸುಳ್ಳಲ್ಲ, ಆದರೆ ಅದರಲ್ಲಿನ 4,10,000 ಬಡ್ಡಿ ಐದು ವರ್ಷದಲ್ಲಿ ಆಗಾಗ ಕೊಟ್ಟು ಮುಗಿಯುವಂಥದ್ದು. 2029ರ ನವೆಂಬರ್ 11ಕ್ಕೆ ಸಿಗೋದು ಇಟ್ಟ 10 ಲಕ್ಷ, ಜೊತೆಗೆ ಅಕ್ಟೋಬರ್ 1ರಿಂದ ಅಲ್ಲಿವರೆಗಿನ ಬಡ್ಡಿ, ಸುಮಾರು 9,200. ಇಲ್ಲಿ ಬಡ್ಡಿಗೆ ಬಡ್ಡಿ ಸೇರುವುದಿಲ್ಲ, ತೆಗೆಯದೆ ಹಾಗೇ ಬಿಟ್ಟರೂ ಈ ಯೋಜನೆಯ ದರದಲ್ಲಿ ಬೆಳೆಯುವುದಿಲ್ಲ.

ಪಾಸ್‌ಬುಕ್ಕಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟೆ: 20,500, ಮುಂದಿನದು ಅಕ್ಟೋಬರ್ ಶುರುವಿಗೆ.