ಆರಿಂಚು ಎತ್ತರ ಜಾಸ್ತಿ ಆಗಿದ್ದಕ್ಕೆ 14 ಗಂಟೆ: ಡ್ರಾಫ್ಟಿಂಗ್ ಕೆಲಸಕ್ಕೆ ನಾನು ರೇಟ್ ಹಾಕೋ ರೀತಿ

ಫ್ರೀಲಾನ್ಸ್ ಶುರು ಮಾಡಿದ ಹೊಸದ್ರಲ್ಲಿ ಒಬ್ರು ಆರ್ಕಿಟೆಕ್ಟ್ ಮೇಡಂ 30x40 ಸೈಟಿನ ಮೂರು ಫ್ಲೋರ್ ಮನೆದು ವರ್ಕಿಂಗ್ ಡ್ರಾಯಿಂಗ್ಸ್ ಮಾಡ್ಕೊಡಿ ಅಂದ್ರು. 17 ಶೀಟ್ ಇತ್ತು, ಶೀಟಿಗೆ 1,000 ಅಂತ 17,000 ಹೇಳ್ಬಿಟ್ಟೆ. ಕೆಲಸ ಮುಗಿದಾಗ ಡೈರಿ ತೆಗೆದು ಕೂಡಿಸಿದ್ರೆ 130 ಗಂಟೆ ಆಗಿತ್ತು, ಅಂದ್ರೆ ಗಂಟೆಗೆ 130 ರೂಪಾಯಿ ಚಿಲ್ಲರೆ. ತುಂಬಾ ಬೇಜಾರಾಯ್ತು.

ಎಲ್ಲಿ ಹೋಯ್ತು ಅಂತ ನೋಡಿದೆ. ಹೊಸದಾಗಿ ಡ್ರಾಯಿಂಗ್ ಮಾಡಿದ್ದು 80 ಗಂಟೆ, ಉಳಿದ 50 ಗಂಟೆ ಪೂರ್ತಿ ರಿವಿಷನ್ನೇ. ಅದ್ರಲ್ಲಿ ಒಂದನ್ನ ಹೇಳ್ತೀನಿ. ಒಂದು ಭಾನುವಾರ ವಾಟ್ಸಾಪಲ್ಲಿ ಮೆಸೇಜು, "ಫ್ಲೋರ್ ಹೈಟ್ 10 ಅಡಿ ಬದ್ಲು 10 ಅಡಿ 6 ಇಂಚು ಮಾಡ್ಬಿಡಿ, ಅಷ್ಟೇ." ಆ ಮನೇಲಿ ಮೆಟ್ಲು 6 ಇಂಚಿನ ರೈಸರು, 120 ಇಂಚಿಗೆ ಸರಿಯಾಗಿ 20, ಹತ್ತು ಹತ್ತು ಮಾಡಿ ಮಧ್ಯ ಲ್ಯಾಂಡಿಂಗ್. ಈಗ 126 ಇಂಚು, ಅಂದ್ರೆ 21 ರೈಸರು. 20ನ್ನೇ ಇಟ್ರೆ ಒಂದೊಂದು 6.3 ಇಂಚು ಬರುತ್ತೆ, ಸೈಟಲ್ಲಿ ಮೇಸ್ತ್ರಿ ಅದನ್ನ ಟೇಪ್ ಹಿಡಿದು ಗುರುತು ಹಾಕೋದು ಕಷ್ಟ ಅಂತ ಮೇಡಮ್ಮೇ ಬೇಡ ಅಂದ್ರು. ಸರಿ, ಒಂದು ಕಡೆ 11 ರೈಸರ್ ಆದ್ಮೇಲೆ ಮೆಟ್ಟಿಲಿನ ಉದ್ದ ಇನ್ನೊಂದು 10 ಇಂಚು ಬೆಳೀತು, ಅಷ್ಟು ಹಾಲಲ್ಲಿ ಕಮ್ಮಿ ಆಯ್ತು, ಲ್ಯಾಂಡಿಂಗ್ ಮೇಲೆ ಹೋಯ್ತು, ಅಲ್ಲಿದ್ದ ಕಿಟಕಿನೂ ಅದ್ರ ಸಜ್ಜಾನೂ ಜೊತೇಲೇ ಮೇಲೆ ಹೋಯ್ತು. ಮೂರು ಪ್ಲಾನು, ಎರಡು ಸೆಕ್ಷನ್ನು, ಎರಡು ಎಲಿವೇಶನ್ನು, ಮೆಟ್ಟಿಲಿನ ಡೀಟೇಲು, ಒಟ್ಟು 8 ಶೀಟು ಮತ್ತೆ ತೆಗೆದೆ. 14 ಗಂಟೆ ಹಿಡೀತು. ಅವ್ರಿಗೆ ಅದು ಒಂದು ಲೈನ್ ಮೆಸೇಜು, ಅವ್ರ ತಪ್ಪಲ್ಲ, ಎಷ್ಟು ಶೀಟಿಗೆ ತಗಲುತ್ತೆ ಅಂತ ನಾನು ಹೇಳಿರ್ಲಿಲ್ಲ.

ಅವತ್ತಿಂದ ಶೀಟ್ ಎಣಿಸಿದ ತಕ್ಷಣ ರೇಟ್ ಹೇಳಲ್ಲ, ಮೊದ್ಲು ಶೀಟುಗಳನ್ನ ಮೂರು ಗುಂಪು ಮಾಡ್ತೀನಿ. ಅದೇ ಮನೆ ಈಗ ಬಂದ್ರೆ ಹೀಗೆ: ಎಲೆಕ್ಟ್ರಿಕಲ್ 3, ಟೆರೇಸ್, ಬಾಗಿಲು ಕಿಟಕಿ ಶೆಡ್ಯೂಲ್, ಈ ಐದು ಸುಲಭದ್ದು, ಪ್ಲಾನ್ ರೆಡಿ ಇದ್ರೆ ಅದ್ರ ಮೇಲೇ ಕೂರುತ್ತೆ, ತಲಾ 2 ಗಂಟೆ. ಮೂರು ಫ್ಲೋರ್ ಪ್ಲಾನ್, ಎರಡು ಎಲಿವೇಶನ್, ಕಿಚನ್, ಈ ಆರು ಮಧ್ಯಮ, ತಲಾ 4. ಎರಡು ಸೆಕ್ಷನ್, ಮೆಟ್ಟಿಲು, ಮೂರು ಟಾಯ್ಲೆಟ್ ಡೀಟೇಲ್, ಈ ಆರು ಭಾರದ್ದು, ತಲಾ 6. ಟಾಯ್ಲೆಟ್ ಸಣ್ಣ ರೂಮು ಅಂತ ಮೋಸ ಹೋಗ್ಬೇಡಿ, ನಾಲ್ಕೂ ಗೋಡೆ ಬಿಡಿಸಿ ಟೈಲ್ಸ್ ಎಲ್ಲಿಂದ ಶುರು, ನಲ್ಲಿ ಪಾಯಿಂಟ್ ಎಷ್ಟು ಎತ್ತರ ಅಂತ ಎಲ್ಲಾ ಹಾಕ್ಬೇಕು. ಒಟ್ಟು 70 ಗಂಟೆ ಆಯ್ತು. ಸ್ಕೆಚ್ ಓದಿ ಡೌಟ್ ಕೇಳೋದು, ಟೆಂಪ್ಲೇಟ್ ರೆಡಿ ಮಾಡೋದು, ಕೊನೇಲಿ ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ಚೆಕ್ ಮಾಡೋದು, ಅದಕ್ಕೆ 10. ಅಲ್ಲಿಗೆ 80.

ಇದ್ರ ಮೇಲೆ ಎರಡು ರೌಂಡ್ ರಿವಿಷನ್, ರೌಂಡಿಗೆ 15 ಪರ್ಸೆಂಟ್ ಅಂತ 12 12 ಗಂಟೆ ಇಡ್ತೀನಿ, 104 ಆಯ್ತು. ನಂಗೆ ತಿಂಗಳಿಗೆ ಬೇಕಿರೋದು 36,000, ಬಿಲ್ ಮಾಡಕ್ಕಾಗೋದು 120 ಗಂಟೆ ಅಷ್ಟೇ, ಉಳಿದಿದ್ದು ಫೋನು, ಓಡಾಟ, ದುಡ್ಡು ಕೇಳೋದ್ರಲ್ಲಿ ಹೋಗುತ್ತೆ, ಹಾಗಾಗಿ ಗಂಟೆಗೆ 300. ಒಟ್ಟು 31,200. ಈ ಗಂಟೆಗಳು ನನ್ನ ಸ್ಪೀಡಿಗೆ, ನಿಮ್ಮ ಡೈರಿ ಬೇರೆ ಹೇಳ್ಬಹುದು. ಅಳತೆ ಇಲ್ದೇ ಇರೋ ಕೈ ಸ್ಕೆಚ್ ಕೊಟ್ರೆ ಈ ಲೆಕ್ಕ ನಡೆಯಲ್ಲ, ಆಗ ಮೊದ್ಲು ಪ್ಲಾನುಗಳಿಗೆ ಮಾತ್ರ ರೇಟ್ ಹೇಳಿ, ಅವು ಓಕೆ ಆದ್ಮೇಲೆ ಉಳಿದಿದ್ದು ಹೇಳ್ತೀನಿ.

ರೌಂಡ್ ಅಂದ್ರೆ ಏನು ಅಂತ ಕೊಟೇಶನ್ನಲ್ಲೇ ಬರೀತೀನಿ. ಎಲ್ಲಾ ಕರೆಕ್ಷನ್ನೂ ಒಂದೇ ಪಿಡಿಎಫಲ್ಲಿ ಗುರುತು ಮಾಡಿ ಕಳಿಸಿದ್ರೆ ಅದು ಒಂದು ರೌಂಡ್. ನನ್ನ ತಪ್ಪಿದ್ರೆ ಅದು ಲೆಕ್ಕಕ್ಕಿಲ್ಲ, ಫ್ರೀಯಾಗಿ ಸರಿ ಮಾಡ್ತೀನಿ. ಆದ್ರೆ ಒಪ್ಪಿದ ಪ್ಲಾನಲ್ಲಿ ಹೈಟು, ಗೋಡೆ, ಮೆಟ್ಲು ಬದಲಾದ್ರೆ ಅದು ರಿವಿಷನ್ ಅಲ್ಲ, ಡಿಸೈನ್ ಬದಲಾವಣೆ, ಎಷ್ಟು ಶೀಟಿಗೆ ತಗಲುತ್ತೆ ಅಂತ ಎಣಿಸಿ ಗಂಟೆ ಹೇಳಿ, ಅವ್ರು ಹೂಂ ಅಂದ್ಮೇಲೇ ಫೈಲ್ ಓಪನ್ ಮಾಡೋದು.

ಅದೇ ಮೇಡಂ ಇನ್ನೊಂದು ಮನೆ ತಂದ್ರು, ಹೆಚ್ಚೂಕಮ್ಮಿ ಇಷ್ಟೇ ಶೀಟು. ಲಿಸ್ಟ್ ನೋಡಿ "ಸ್ವಲ್ಪ ಕಮ್ಮಿ ಮಾಡ್ಕೊಳಿ" ಅಂದ್ರು. ರೇಟ್ ಕಮ್ಮಿ ಮಾಡಕ್ಕಾಗಲ್ಲ ಮೇಡಂ, ಶೀಟ್ ಬೇಕಾದ್ರೆ ತೆಗೀಬಹುದು ಅಂದೆ. ಟಾಯ್ಲೆಟ್ ಮೂರೂ ನಾವೇ ಆಫೀಸಲ್ಲಿ ಮಾಡ್ಕೋತೀವಿ ಅಂತ ತೆಗೆದ್ರು, ರಿವಿಷನ್ ಪಾಲೂ ಸೇರಿ 7,000 ಹತ್ರ ಇಳೀತು, ಇಬ್ರಿಗೂ ಒಪ್ಪಿಗೆ ಆಯ್ತು. ಮೊದಲ ರೌಂಡ್ ಒಂದೇ ಪಿಡಿಎಫಲ್ಲಿ ಬಂತು, 1ರಿಂದ 23ರವರೆಗೆ ನಂಬರ್ ಹಾಕಿದ ಕರೆಕ್ಷನ್ಸ್, 9 ಗಂಟೇಲಿ ಮುಗೀತು.